ಹೂಡಿ ನೋಡಿದ ಫೋನು

ಅಂಗಡಿಯ ಗಾಜಿನೊಳಗೆ ಕೂತು ಹೊಳೆಯುವ ಯಾವ ವಸ್ತುವಿನ ಮೇಲೂ ರೇವಣಪ್ಪನಿಗೆ ನಂಬಿಕೆಯಿರಲಿಲ್ಲ. ಅಫಜಲಪುರದ ಸುತ್ತಮುತ್ತ ಯಾರೇ ಎತ್ತು ಕೊಳ್ಳಲು ಹೊರಟರೂ ಮೊದಲು ಅವನ ಮನೆ ಬಾಗಿಲು ತಟ್ಟುತ್ತಿದ್ದ ಕಾಲವೊಂದಿತ್ತು. ಸಂತೆಯಲ್ಲಿ ಅವನು ಹಲ್ಲು ನೋಡುತ್ತಿದ್ದ, ಸುಳಿ ನೋಡುತ್ತಿದ್ದ, ಗೊರಸು ಮುಟ್ಟಿ ನೋಡುತ್ತಿದ್ದ. ಆದರೆ ಎತ್ತನ್ನು ನೊಗಕ್ಕೆ ಹೂಡಿ ನಾಲ್ಕು ಸಾಲು ಹೊಡೆಸುವವರೆಗೆ ಒಳ್ಳೆಯದು ಅಂತಲೂ ಅನ್ನುತ್ತಿರಲಿಲ್ಲ, ಕೆಟ್ಟದ್ದು ಅಂತಲೂ ಅನ್ನುತ್ತಿರಲಿಲ್ಲ. ಈಗ ಊರಲ್ಲಿ ಎತ್ತು ಕಡಿಮೆಯಾಗಿವೆ, ಟ್ರ್ಯಾಕ್ಟರು ಹೆಚ್ಚಿವೆ. ರೇವಣಪ್ಪನ ಅಭಿಪ್ರಾಯಗಳು ಮಾತ್ರ ಕಡಿಮೆಯಾಗಿಲ್ಲ.

ಮಗ ಗುರುಶಾಂತನಿಗೆ ಹೊಸ ಫೋನು ಬೇಕಾಗಿತ್ತು. ಶೋಕಿಗಲ್ಲ, ಅನ್ನಕ್ಕೆ. ಅವನು ಅಫಜಲಪುರದ ಒಂದು ಪಾರ್ಸೆಲ್ ಆಫೀಸಿನಲ್ಲಿ ಡೆಲಿವರಿ ಕೆಲಸ ಮಾಡುತ್ತಿದ್ದ. ಬೆಳಿಗ್ಗೆ ಬೈಕಿನ ಹಿಂದೆ ದೊಡ್ಡ ಚೀಲ ಕಟ್ಟಿಕೊಂಡು ಹೊರಟರೆ ಚವಡಾಪುರ ದಾಟಿ ಗಾಣಗಾಪುರದವರೆಗೆ ಅವನದೇ ಲೈನು. ಲಾಡ್ಜುಗಳು, ಪೂಜಾರಿಗಳ ಮನೆಗಳು, ಹೂ ಕಾಯಿ ಅಂಗಡಿಗಳು, ತಿಂಗಳುಗಟ್ಟಲೆ ಸೇವೆಗೆ ಬಂದು ಕೂತ ಭಕ್ತರು, ಎಲ್ಲರೂ ಪಾರ್ಸೆಲ್ ತರಿಸುವವರೇ. ಒಂದೇ ಊರಲ್ಲಿ ಅರ್ಧ ಚೀಲ ಖಾಲಿಯಾಗುವ ಅಂಥ ಲೈನು ಸಿಕ್ಕವನು ಪುಣ್ಯವಂತ.

ಆ ಪುಣ್ಯಕ್ಕೆ ಕಲ್ಲು ಹಾಕುತ್ತಿದ್ದದ್ದು ಹಳೆಯ ಫೋನು. ಇಡೀ ದಿನ ಮ್ಯಾಪು ಓಡಬೇಕು, ಆಫೀಸಿನ ಆಪು ಓಡಬೇಕು. ವೈಶಾಖದ ಬಿಸಿಲಲ್ಲಿ ಮಧ್ಯಾಹ್ನದ ಹೊತ್ತಿಗೆ ಅದರ ಪರದೆ ಮಬ್ಬಾಗಿ, ಬ್ಯಾಟರಿ ಕೆಂಪಾಗಿ, ಕೊನೆಗೆ ಫೋನೇ ಕಣ್ಣು ಮುಚ್ಚುತ್ತಿತ್ತು. ಕಣ್ಣು ಬಿಟ್ಟಿದ್ದಾಗಲೂ ಅದಕ್ಕೆ ತಾನೆಲ್ಲಿದ್ದೇನೆಂಬ ಅರಿವಿರುತ್ತಿರಲಿಲ್ಲ. ಗುರುಶಾಂತ ಲಾಡ್ಜಿನ ಬಾಗಿಲಲ್ಲೇ ನಿಂತಿದ್ದರೂ ನೀಲಿ ಚುಕ್ಕೆ ಹೊಳೆಯ ಆಚೆ ನಿಂತಿರುತ್ತಿತ್ತು. ಗಿರಾಕಿಯ ಜಾಗದಲ್ಲಿ ನಿಂತಿದ್ದಾನೆ ಎಂದು ಫೋನು ಸಾಕ್ಷಿ ಹೇಳದೆ ಪಾರ್ಸೆಲ್ ಮುಟ್ಟಿತೆಂದು ಆಪು ಒಪ್ಪುವುದಿಲ್ಲ. ಹೀಗಾಗಿ ದಿನವೂ ನಾಲ್ಕಾರು ಪಾರ್ಸೆಲ್ ಹೋದ ದಾರಿಯಲ್ಲೇ ಮರಳಿ ಬರುತ್ತಿದ್ದವು.

ಆಫೀಸು ನೋಡಿಕೊಳ್ಳುವ ಸಿದ್ದರಾಮೇಶ ಕೆಟ್ಟವನಲ್ಲ, ಆದರೆ ಅವನ ತಲೆಯ ಮೇಲೂ ಒಬ್ಬರಿದ್ದರು.

"ಗುರುಶಾಂತ, ನಾ ಇನ್ನ ಎಷ್ಟ್ ದಿನ ಸಂಭಾಳಿಸ್ಲಿ? ಜೇವರ್ಗಿಯವ ಒಬ್ಬ ಈ ಲೈನ್ ಕೇಳಾಕತ್ತಾನ. ಬರೋ ಸೋಮವಾರದಿಂದ ಮಾಲು ವಾಪಸ್ ಬಂದ್ರ ಲೈನ್ ಅವನಿಗೆ ಕೊಡಬೇಕಾಗ್ತದ ನೋಡಪಾ," ಎಂದ.

ಗುರುಶಾಂತ ಹೆಂಡತಿ ಶೈಲಶ್ರೀಯ ಮುಖ ನೋಡಿದ. ಅವಳು ಹೊಲಿಗೆಯಲ್ಲಿ ಕೂಡಿಟ್ಟದ್ದನ್ನು ತೆಗೆದು ಅವನ ಕೈಯಲ್ಲಿಟ್ಟಳು. "ಒಮ್ಮೆ ತಗೋರಿ, ಛಲೋದು ತಗೋರಿ. ಎರಡನೇ ಸಲ ತಗೊಳ್ಳೋ ಶಕ್ತಿ ನಮಗಿಲ್ಲ," ಎಂದಳು.

ಬಸ್‌ಸ್ಟ್ಯಾಂಡ್ ಹತ್ತಿರದ ಅಜೀಮನ ಮೊಬೈಲ್ ಅಂಗಡಿಗೆ ಅಪ್ಪ ಮಗ ಇಬ್ಬರೂ ಹೋದರು. ರೇವಣಪ್ಪನನ್ನು ಯಾರೂ ಕರೆದಿರಲಿಲ್ಲ. ಕರೆಯದಿದ್ದರೂ ಬರುವುದು ಅವನ ದೊಡ್ಡ ಗುಣ.

ಅಜೀಮ ಮೂರು ಡಬ್ಬಿ ಮುಂದಿಟ್ಟ. ಒಂದು ಅಗ್ಗದ್ದು, ಇಟ್ಟಂಗಿಯಷ್ಟು ದಪ್ಪ, ಬ್ಯಾಟರಿಯೇ ಅದರ ಜೀವಾಳ. ಇನ್ನೊಂದು ತೆಳ್ಳಗೆ, ಪರದೆ ಕಣ್ಣು ಕುಕ್ಕುವಂಥದ್ದು. ಮೂರನೆಯದು ತುಟ್ಟಿ, ಎಲ್ಲವೂ ಇರುವಂಥದ್ದು. ಶೈಲಶ್ರೀ ಕೊಟ್ಟದ್ದೆಲ್ಲ ಸೇರಿಸಿದರೆ ತುಟ್ಟಿಯದು ಹೇಗೋ ಕೈಗೆಟುಕುತ್ತಿತ್ತು.

"ಡಬ್ಬಿ ಮ್ಯಾಲ ಬರದಿದ್ದು ಪೂರಾ ನಂಬಬ್ಯಾಡ್ರಿ ಕಾಕಾ," ಎಂದ ಅಜೀಮ. "ಪರದಿ ಇಷ್ಟು ಬೆಳಕು ಕೊಡ್ತದಂತ ಬರದಿರ್ತಾರ. ಅದು ಜರಾ ಹೊತ್ತಿನ ಮಾತು. ಫೋನ್ ಕಾದ್ರ ತನ್ನ ಜೀವಾ ಉಳಸ್ಕೊಳ್ಳಾಕ ತಾನೇ ಬೆಳಕು ತಗ್ಗಸ್ತದ. ನಮ್ಮ ಬಿಸಲಿನ್ಯಾಗ ಯಾವುದು ಹ್ಯಾಂಗ ಆಡ್ತದ ಅಂತ ಕಂಪನಿಯವರಿಗೂ ಗೊತ್ತಿಲ್ಲ."

"ಹಂಗಾದ್ರ ಹೂಡಿ ನೋಡೋಣು," ಎಂದ ರೇವಣಪ್ಪ.

"ಡಬ್ಬಿ ಒಡದ್ರ ವಾಪಸ್ ಇಲ್ರಿ ಕಾಕಾ."

"ನಿನ್ನ ಡಬ್ಬಿ ಯಾಕ ಒಡಿಬೇಕು? ಇಂಥಾವೇ ಫೋನ್ ಊರಾಗ ಯಾರಿಗೆ ಮಾರಿದಿ ಹೇಳು."

ಅಜೀಮ ನಕ್ಕ. ಆಮೇಲೆ ನಗುವುದು ಬಿಟ್ಟು ಯೋಚಿಸಿದ. ಯೋಚಿಸಿದಷ್ಟೂ ಮುದುಕನ ಮಾತಿನಲ್ಲಿ ತಪ್ಪು ಕಾಣಲಿಲ್ಲ. ಇಟ್ಟಂಗಿ ಫೋನು ಟ್ರ್ಯಾಕ್ಟರ್ ಹೊಡೆಯುವ ಹುಲೆಪ್ಪನ ಹತ್ತಿರ ಇತ್ತು. ತೆಳ್ಳನೆಯದು ಬ್ಯೂಟಿ ಪಾರ್ಲರಿನ ಐಶ್ವರ್ಯಾಳ ಹತ್ತಿರ. ತುಟ್ಟಿಯದನ್ನು ರಿಟೈರ್ಡ್ ಮಾಸ್ತರು ಮಹಾದೇವಪ್ಪನವರಿಗೆ ಅವರ ಮಗಳು ಕೊಡಿಸಿದ್ದಳು.

ಇನ್ನೊಬ್ಬರ ಫೋನು ಕೇಳುವುದೆಂದರೆ ಇನ್ನೊಬ್ಬರ ಕಪಾಟಿನ ಕೀಲಿಕೈ ಕೇಳಿದ ಹಾಗೆ. ಗುರುಶಾಂತನಿಗೆ ನಾಚಿಕೆಯಿಂದ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ರೇವಣಪ್ಪನಿಗೆ ಅಂಥದ್ದೇನೂ ಅನ್ನಿಸಲಿಲ್ಲ. ತನ್ನ ಬಟನ್ ಫೋನನ್ನು ಅಂಗೈಯಲ್ಲಿ ಹಿಡಿದು, "ನಿನ್ನ ಸಿಮ್ಮು ಇದರಾಗ ಹಾಕ್ಕೋ, ನಿನ್ನ ಫೋನ್ ಜರಾ ಹುಡುಗನಿಗೆ ಕೊಡು, ಹೂಡಿ ನೋಡಿ ತಂದು ಕೊಡ್ತೇವಿ," ಎಂದು ಬೀಜದ ಜೋಳ ಕೇಳಿದಷ್ಟು ಸಲೀಸಾಗಿ ಕೇಳಿದ. ಆಶ್ಚರ್ಯವೆಂದರೆ ಜನ ಕೊಟ್ಟರು. ಹುಲೆಪ್ಪ ಟ್ರ್ಯಾಕ್ಟರಿನಿಂದ ಇಳಿಯದೆಯೇ ಕೊಟ್ಟ.

ಹುಲೆಪ್ಪನ ಫೋನು ಸಂಜೆಯಾದರೂ ಅರ್ಧ ಬ್ಯಾಟರಿ ಉಳಿಸಿಕೊಂಡಿತ್ತು. ಆದರೆ ಹೊಳೆಯ ಕಡೆ, ನೆಟ್‌ವರ್ಕ್ ಇಲ್ಲದ ಜಾಗದಲ್ಲಿ ಮ್ಯಾಪು ಶುರು ಮಾಡಿದರೆ ಉಪಗ್ರಹ ಹಿಡಿಯಲು ಬಹಳ ಹೊತ್ತು ತೆಗೆದುಕೊಂಡಿತು, ಬಿಸಿಲಲ್ಲಿ ಪರದೆಯನ್ನು ಕೈ ಮರೆಮಾಡಿ ನೋಡಬೇಕಾಯಿತು. ಐಶ್ವರ್ಯಾಳ ಫೋನು ಬೆಳಿಗ್ಗೆ ಕನ್ನಡಿಯಂತೆ ಹೊಳೆಯಿತು. ನಡು ಮಧ್ಯಾಹ್ನ ಚವಡಾಪುರದ ಹತ್ತಿರ ಕಾದು, ತಾನೇ ಬೆಳಕು ತಗ್ಗಿಸಿಕೊಂಡು, ಇಳಿಹೊತ್ತಿಗೆ ಬ್ಯಾಟರಿಯನ್ನೂ ಮುಗಿಸಿ ಕೂತಿತು. ಅವಳಿಗೆ ಅದನ್ನು ಮರಳಿಸುವಾಗ ಅವಳೇ ಸಮಾಧಾನ ಹೇಳಿದಳು. "ನನ್ನ ಫೋನ್ ನೆಳ್ಳಾಗ ಬೆಳದಿದ್ದು ಅಣ್ಣಾ, ಅದಕ್ಕ ಬ್ಯಾಸರ ಮಾಡ್ಕೋಬ್ಯಾಡ್ರಿ."

ಉಳಿದದ್ದು ಮಾಸ್ತರರ ಫೋನು. ಮಹಾದೇವಪ್ಪನವರು ಗುರುಶಾಂತನಿಗೆ ಕನ್ನಡ ಸಾಲೆಯಲ್ಲಿ ಅಕ್ಷರ ಕಲಿಸಿದವರು. ಕಟ್ಟೆಯ ಮೇಲೆ ಕೂತಿದ್ದ ಅವರು ರೇವಣಪ್ಪನ ಮಾತು ಪೂರ್ತಿ ಕೇಳಿ, ಫೋನನ್ನು ಒಮ್ಮೆ ಅಂಗೈಯಿಂದ ಒರೆಸಿ, "ಎರಡು ದಿನ ಇಟ್ಕೋ, ಒಂದು ದಿನಕ್ಕ ಏನೂ ತಿಳಿಯಂಗಿಲ್ಲ," ಎಂದರು. ಒಳಗಿಂದ ಅವರ ಹೆಂಡತಿ ಗುರಮ್ಮ ಏನೋ ಹೇಳಲು ಬಾಗಿಲಿಗೆ ಬಂದಳು. ಮಾಸ್ತರು ಅವಳ ಕಡೆ ತಿರುಗಿ "ಚಹಾ ಇಡು," ಎಂದರು. ಅವಳು ಚಹಾ ಇಡಲು ಹೋದಳು.

ಹ್ಯಾಂಡಲಿಗೆ ಫೋನು ಕೂರಿಸುವ ಕೆಲಸವನ್ನು ರೇವಣಪ್ಪ ತಾನೇ ವಹಿಸಿಕೊಂಡ. ಕಬ್ಬಿಣದ ಹಿಡಿಕೆಯ ತಿರುಪುಗಳನ್ನು ಪಕ್ಕಡದಿಂದ ತಿರುವಿ ತಿರುವಿ, "ಎತ್ತಿನ ಕೊರಳಪಟ್ಟಿ ಹಂಗ ಬಿಗಿ ಇರಬೇಕು, ಮಾಸ್ತರರ ಮಾಲು ಅಲಗಾಡಬಾರದು," ಎಂದ. ಫೋನು ಬೈಕಿನ ಅಂಗವೇ ಆಗಿಹೋಯಿತು.

ಆ ಎರಡು ದಿನ ಗುರುಶಾಂತನಿಗೆ ಹಬ್ಬ. ಉರಿಬಿಸಿಲಲ್ಲೂ ದಾರಿ ಕಾಣುತ್ತಿತ್ತು. ಆಫೀಸಿನ ಬಾಗಿಲಲ್ಲಿ ಉಪಗ್ರಹ ಹಿಡಿದ ಫೋನು ಗಾಣಗಾಪುರದ ತಗಡಿನ ಚಪ್ಪರಗಳ ನಡುವಿನ ಗಲ್ಲಿಯಲ್ಲೂ ಬಿಡಲಿಲ್ಲ. ಸಂಜೆ ಮರಳುವಾಗ ಬ್ಯಾಟರಿ ಇನ್ನೂ ಉಳಿದಿರುತ್ತಿತ್ತು. ಇದನ್ನೇ ತೆಗೆದುಕೊಳ್ಳುವುದೆಂದು ಎರಡನೆಯ ದಿನ ಮಧ್ಯಾಹ್ನ ಹೊಳೆಯ ಸಂಗಮದ ದಾರಿಯಲ್ಲಿ ಅವನು ಮನಸ್ಸಿನಲ್ಲೇ ತೀರ್ಮಾನಿಸಿದ.

ಅದಾದ ಮೇಲೆ ಮೊದಲ ಪಾರ್ಸೆಲ್ಲಿಗೇ ಕ್ಯಾಮೆರಾ ಕೈ ಕೊಟ್ಟಿತು. ಪಟ್ಟಿ ಪಟ್ಟಿ ಗುರುತನ್ನು ಸ್ಕ್ಯಾನ್ ಮಾಡಲು ಹೋದರೆ ಚಿತ್ರ ನಿಲ್ಲಲೇ ಇಲ್ಲ, ಚಳಿಜ್ವರ ಬಂದವರಂತೆ ನಡುಗಿತು. ಫೋನಿನ ಬೆನ್ನಿನಿಂದ ಸಣ್ಣಗೆ ಗುಂಯ್ ಎನ್ನುವ ಸದ್ದು. ಬಂದ್ ಮಾಡಿ ಚಾಲೂ ಮಾಡಿದ, ಗಾಜು ಒರೆಸಿದ. ನಡುಕ ಹೋಗಲಿಲ್ಲ. ಉಳಿದ ಪಾರ್ಸೆಲ್ಲುಗಳ ನಂಬರನ್ನು ಕೈಯಿಂದ ಒತ್ತಿ ಮುಗಿಸಿ, ಆಫೀಸಿಗೂ ಮೊದಲು ಅಜೀಮನ ಅಂಗಡಿಗೆ ಓಡಿದ.

ಅಜೀಮ ಫೋನನ್ನು ಕಿವಿಗೆ ಹಿಡಿದು ಕೇಳಿದ. ಅವನ ಮುಖ ಸಣ್ಣದಾಯಿತು.

"ತಪ್ಪು ನಂದೂ ಅದ ಅಣ್ಣಾ. ಬ್ಯಾಟರಿ ಹೇಳ್ದೆ, ಬೆಳಕು ಹೇಳ್ದೆ, ಇದೊಂದು ಹೇಳೋದು ಮರ್ತೆ. ಈ ತುಟ್ಟಿ ಕ್ಯಾಮೆರಾದಾಗ ಲೆನ್ಸು ಗಟ್ಟಿ ಕುಂತಿರಂಗಿಲ್ಲ. ಕೈ ನಡಗಿದ್ರ ಫೋಟೋ ಕೆಡಬಾರ್ದಂತ ಸಣ್ಣ ಸ್ಪ್ರಿಂಗ್ ಮ್ಯಾಲ ತೂಗಾಡ್ತಿರ್ತದ. ಬೈಕಿನ ಇಂಜಿನ್ ನಡುಕ ಹ್ಯಾಂಡಲ್‌ನಿಂದ ಸೀದಾ ಅದಕ್ಕ ಹೊಡೀತದ. ಒಬ್ಬೊಬ್ಬರದು ತಿಂಗಳಗಟ್ಟಲೆ ತಡೀತದ, ಒಬ್ಬೊಬ್ಬರದು ಒಂದೆರಡು ದಿನಕ್ಕ ಹೋಗ್ತದ. ಕಬ್ಬಿಣದ ಹಿಡಿಕಿ ಎಷ್ಟು ಬಿಗಿ ಮಾಡಿದ್ರ ಅಷ್ಟು ಪೆಟ್ಟು."

ಗುರುಶಾಂತ ಅಪ್ಪನನ್ನು ಬೈಯಲಿಲ್ಲ. ಬೈದರೆ ಯಾವುದಕ್ಕೆ? ಇನ್ನೊಬ್ಬರ ಮಾಲನ್ನು ಜೋಪಾನ ಮಾಡಲು ಹೋಗಿ ಬಿಗಿ ಮಾಡಿದ್ದ. ಎತ್ತಿನ ಕೊರಳಿಗೆ ಸಲ್ಲುವುದು ಫೋನಿಗೆ ಸಲ್ಲಲಿಲ್ಲ.

"ರಿಪೇರಿ ಆಗ್ತದೇನು?"

"ಆಗ್ತದ. ಕ್ಯಾಮೆರಾ ಹೊಸಾದು ಕೂಡಸ್ಬೇಕು. ಕಲಬುರಗಿಂದ ಸಾಮಾನು ಬರಬೇಕು. ನಾಕೈದು ದಿನ ಹಿಡಿತದ, ಖರ್ಚೂ ಜರಾ ಭಾರೀನೇ ಅದ."

ಮೊದಲು ಮಾಸ್ತರರಿಗೆ ಮುಖ ತೋರಿಸಬೇಕಿತ್ತು. ಕ್ಯಾಮೆರಾ ಒಂದೇ ತಾನೇ, ವಯಸ್ಸಾದವರು ಎಷ್ಟು ಫೋಟೋ ತೆಗೆದಾರು, ಎಂದು ದಾರಿಯುದ್ದಕ್ಕೂ ತನಗೆ ತಾನೇ ಹೇಳಿಕೊಂಡ. ಹೇಳಿಕೊಂಡದ್ದು ತನಗೇ ಸರಿ ಅನ್ನಿಸಲಿಲ್ಲ.

ಮಾಸ್ತರು ಪಡಸಾಲೆಯಲ್ಲಿ ಮಂಚದ ಮೇಲೆ ಕೂತಿದ್ದರು. ಅವನ ಹೆಜ್ಜೆಯ ಸದ್ದಿಗೇ, "ಬಾ ಗುರುಶಾಂತ, ಎತ್ತು ಹ್ಯಾಂಗ ನಡೀತು?" ಎಂದರು. ಅವನು ಬಾಯಿ ತೆರೆಯುವ ಮೊದಲೇ ಫೋನು ಇಸಿದುಕೊಂಡು, ಪಕ್ಕದಲ್ಲಿ ಮಡಿಕೆ ಬಿಚ್ಚದೆ ಇಟ್ಟಿದ್ದ ಪೇಪರುಗಳಲ್ಲಿ ಒಂದನ್ನು ತೊಡೆಯ ಮೇಲೆ ಹರಡಿದರು. ಕ್ಯಾಮೆರಾ ತೆರೆದು, ಅಕ್ಷರ ದೊಡ್ಡದು ಮಾಡಿ, ಫೋನನ್ನು ಸಾಲಿನ ಮೇಲೆ ಹಿಡಿದರು. ಪರದೆಯ ಮೇಲೆ ಹೆಬ್ಬೆರಳಿನಷ್ಟು ದೊಡ್ಡ ಕನ್ನಡ ಅಕ್ಷರಗಳು ಬಂದು ನಿಂತು, ನಿಲ್ಲಲಾರದೆ ಗದಗದ ನಡುಗಿದವು. ಮಾಸ್ತರು ಫೋನನ್ನು ಎರಡೂ ಕೈಯಲ್ಲಿ ಗಟ್ಟಿ ಹಿಡಿದರು. ನಡುಗುತ್ತಿರುವುದು ತಮ್ಮ ಕೈಯೇ ಎಂದುಕೊಂಡರೇನೋ.

ಗುರುಶಾಂತನಿಗೆ ಆಗ ಅರ್ಥವಾಯಿತು. ಬಾಗಿಲಲ್ಲಿ ನಿಂತಿದ್ದ ಗುರಮ್ಮ ಹೇಳಿದಳು.

"ಕಣ್ಣಿನ ನರಾ ಸೊರಗ್ಯಾವಂತಪಾ. ಚಾಳೀಸ ಹಾಕಿದ್ರೂ ನಟ್ಟನಡುವಿನ ಅಕ್ಷರಾ ಕಾಣಂಗಿಲ್ಲ. ಮಗಳು ಇದೊಂದು ದಾರಿ ತೋರ್ಸಿ ಹೋಗ್ಯಾಳ. ಪೇಪರ್ ಓದೋದು, ವಚನಾ ಓದೋದು, ಎಲ್ಲಾ ಅದರಾಗೇ."

ಊರಿಗೆಲ್ಲ ಅಕ್ಷರ ಕಲಿಸಿದ ಮಾಸ್ತರು ಹೆಂಡತಿಗೆ ಕಲಿಸಲು ಹೋಗಿ ಮೂರು ಸಲ ಸೋತಿದ್ದರು. ಆ ಮನೆಯಲ್ಲಿ ಓದುವ ಕಣ್ಣೆಂದರೆ ಆ ಫೋನು ಒಂದೇ.

ಗುರುಶಾಂತ ನಿಂತಲ್ಲೇ ಎಲ್ಲ ಹೇಳಿದ. ಬಿಗಿ ಮಾಡಿದ್ದು, ನಡುಗಿದ್ದು, ಅಜೀಮ ಅಂದದ್ದು. ಮಾಸ್ತರರಿಗೆ ಬೇಸರವಾಗಿತ್ತು, ಮುಖದಲ್ಲಿ ಕಾಣುತ್ತಿತ್ತು, ಅದನ್ನು ಮುಚ್ಚಿಡುವ ನಾಟಕವನ್ನೂ ಅವರು ಮಾಡಲಿಲ್ಲ. ಪೇಪರನ್ನು ಮೊದಲಿನ ಹಾಗೆ ಮಡಿಚಿಟ್ಟರು.

"ನಿನ್ನ ಮಾಲು ಎಲ್ಲಾ ಮುಟ್ಟಿದ್ವೇನು?" ಎಂದು ಕೇಳಿದರು.

"ಎರಡೂ ದಿನ ಎಲ್ಲಾ ಮುಟ್ಟಿದ್ವು ಸರ. ಒಂದೂ ವಾಪಸ್ ಬರ್ಲಿಲ್ಲ."

"ಅಷ್ಟರ ಆತಲ್ಲ," ಎಂದು ಮಾಸ್ತರು ನಿಟ್ಟುಸಿರು ಬಿಟ್ಟರು.

ಮನೆಗೆ ಬಂದು ವಿಷಯ ಹೇಳಿದಾಗ ರೇವಣಪ್ಪ ರೊಟ್ಟಿಯ ತಾಟು ಸರಿಸಿ ಕೂತ. ಎತ್ತಿನ ಮಾತಿನಲ್ಲಿ ಎಂದೂ ಸೋಲದವನು ಆ ಹೊತ್ತು ತಲೆ ಎತ್ತಲಿಲ್ಲ. ಮಾತಾಡಿದವಳು ಶೈಲಶ್ರೀ.

"ಮೊದ್ಲ ಸರ್ ಅವರ ಕಣ್ಣು. ಉಳಿದಿದ್ದರಾಗ ನಿಮಗ ಯಾವುದು ಬರ್ತದೋ ಅದು," ಎಂದಳು.

ಗುರುಶಾಂತ ಅವಳನ್ನು ನೋಡಿದ. ಹೊಲಿಗೆ ಮಷೀನಿನ ಮುಂದೆ ಬೆನ್ನು ಬಗ್ಗಿಸಿ ಕೂಡಿಟ್ಟವಳು ಅವಳು. ಅಷ್ಟು ಸುಲಭವಾಗಿ ಆಡಿದ ಆ ಮಾತಿಗೆ ಅವನ ಎದೆ ತುಂಬಿ ಬಂತು. ತಾಟು ಮುಂದೆ ಮಾಡಿ ಇನ್ನೊಂದು ರೊಟ್ಟಿ ಹಾಕೆಂದ.

ಭಾನುವಾರ ಅಜೀಮನ ಅಂಗಡಿಯಲ್ಲಿ ಮತ್ತೆ ಲೆಕ್ಕಾಚಾರ ನಡೆಯಿತು. ರಿಪೇರಿಗೆ ತೆಗೆದಿಟ್ಟು ಉಳಿದದ್ದರಲ್ಲಿ ಹಳೆಯ ಫೋನನ್ನೂ ಬದಲಿಗೆ ಕೊಟ್ಟರೆ ಸಿಗುತ್ತಿದ್ದದ್ದು ಹುಲೆಪ್ಪನಂಥ ಇಟ್ಟಂಗಿ ಫೋನು. ಅಜೀಮ ಅದನ್ನು ಕೈಯಲ್ಲಿ ಹಿಡಿದು ಹೊರಳಿಸಿದ.

"ಖರೆ ಹೇಳ್ತೇನಿ, ನಿಮ್ಮ ಕೆಲಸಕ್ಕ ಇದೇ ಸೈ ಅಣ್ಣಾ. ಇದರ ಕ್ಯಾಮೆರಾದಾಗ ತೂಗಾಡೋದು ಏನಿಲ್ಲ, ಸಾದಾ ಅದ. ಹ್ಯಾಂಡಲ್ ಮ್ಯಾಲ ಬಾಳಿಕಿ ಬರ್ತದ. ಆದ್ರೂ ಕಬ್ಬಿಣದ ಹಿಡಿಕಿ ಬಿಡ್ರಿ, ಈ ರಬ್ಬರ್ ಬುಡದ್ದು ಹಾಕ್ತೇನಿ, ನಡುಕ ರಬ್ಬರ್ ನುಂಗ್ತದ."

"ಉಪಗ್ರಹ ತಡಾ ಹಿಡಿತಿತ್ತಲ್ಲ?"

"ನೀವು ಹೊಳಿ ದಂಡ್ಯಾಗ ಹೋಗಿ ಮ್ಯಾಪ್ ಚಾಲೂ ಮಾಡಿದ್ರಿ. ಯಾವ ಉಪಗ್ರಹ ಎಲ್ಲಿ ಅದ ಅಂತ ಫೋನ್ ಮೊದ್ಲ ನೆಟ್‌ವರ್ಕಿಗೆ ಕೇಳ್ತದ. ಅಲ್ಲಿ ನೆಟ್‌ವರ್ಕ್ ಇಲ್ಲಂದ್ರ ತಾನೇ ಹುಡುಕಬೇಕು, ತಡಾ ಆಗ್ತದ. ಆಫೀಸ್ ಬಾಗಲದಾಗೇ, ಬೈಲಿನ್ಯಾಗ ನಿಂತು ಚಾಲೂ ಮಾಡ್ರಿ, ನಡುವ ಬಂದ್ ಮಾಡಬ್ಯಾಡ್ರಿ. ಈ ಕಡೀ ಮ್ಯಾಪ್ ಪೂರಾ ಫೋನ್‌ನ್ಯಾಗೇ ಇಳಿಸಿ ಕೊಡ್ತೇನಿ."

ಉಳಿದದ್ದು ಬಿಸಿಲು. ಪರದೆಯ ಬೆಳಕು ಹೆಚ್ಚಿಸಲಾಗದಿದ್ದರೆ ಬಿಸಿಲನ್ನು ಕಡಿಮೆ ಮಾಡಬೇಕು. ಮಗನ ಹಿಂದೆ ನಿಂತಿದ್ದ ರೇವಣಪ್ಪ ಅಜೀಮನ ಖಾಲಿ ಡಬ್ಬಿಯೊಂದರ ರಟ್ಟನ್ನು ಮಡಿಚಿ, ಮೂರು ಕಡೆ ನೆರಳು ಬೀಳುವಂತೆ, ಬೆನ್ನ ಹಿಂದೆ ಗಾಳಿ ಆಡುವಂತೆ ಒಂದು ಚಪ್ಪರ ಹಿಡಿದು ತೋರಿಸಿದ. "ಹಿಂಗ ಕೊಟ್ಟಿಗಿ ಮಾಡಿದ್ರ?" ಎಂದು ಮೆಲ್ಲಗೆ ಕೇಳಿದ. ಈ ಸಲ ಅಪ್ಪಣೆಯಲ್ಲ, ಕೇಳಿದ್ದು. ಅಜೀಮ ಬಾಗಿಲಾಚೆ ಬಿಸಿಲಿಗೆ ಫೋನು ಹಿಡಿದು ನೋಡಿದ. ದಾರಿ ಸ್ಪಷ್ಟ ಕಾಣುತ್ತಿತ್ತು. ಶೈಲಶ್ರೀ ಅದೇ ಅಳತೆಗೆ ಬಿಳಿ ರೆಗ್ಜಿನ್ ಬಟ್ಟೆಯಲ್ಲಿ ಹೊಲಿದು ಕೊಟ್ಟಳು. ಜೋರು ಬಿಸಿಲಲ್ಲಿ ಚಾರ್ಜಿಗೆ ಹಾಕಿದರೆ ಫೋನು ಇನ್ನಷ್ಟು ಕಾಯುತ್ತದೆಂದು ಅಜೀಮ ಎಚ್ಚರಿಸಿದ. ಅಷ್ಟು ದೊಡ್ಡ ಬ್ಯಾಟರಿಗೆ ಅದು ಬೇಕಾಗಲೂ ಇಲ್ಲ.

ಸೋಮವಾರ ಗುರುಶಾಂತ ಆಫೀಸಿನ ಮುಂದಿನ ಬಯಲಲ್ಲಿ ನಿಂತು ನೀಲಿ ಚುಕ್ಕೆ ಕಾಲ ಬುಡಕ್ಕೆ ಬರುವವರೆಗೆ ಕಾದು ಹೊರಟ. ಕಾದದ್ದು ಬಹಳ ಹೊತ್ತೇನಲ್ಲ. ಮಧ್ಯಾಹ್ನದ ಉರಿಯಲ್ಲಿ ಚಪ್ಪರದಡಿಯ ಫೋನು ದಾರಿ ತೋರಿಸಿತು. ಲಾಡ್ಜಿನ ಬಾಗಿಲಲ್ಲಿ ನಿಂತಾಗ ಚುಕ್ಕೆಯೂ ಲಾಡ್ಜಿನ ಬಾಗಿಲಲ್ಲೇ ನಿಂತಿತು. ಸ್ಕ್ಯಾನ್ ಮಾಡಿದರೆ ಚಿತ್ರ ಅಲುಗಲಿಲ್ಲ. ಸಂಜೆ ಖಾಲಿ ಚೀಲವನ್ನು ಮಡಿಚಿ ಸಿದ್ದರಾಮೇಶನ ಮೇಜಿನ ಮೇಲಿಟ್ಟಾಗ ಅವನು ಚೀಲದೊಳಗೆ ಕೈ ಹಾಕಿ ನೋಡಿದ.

"ಜೇವರ್ಗಿಯವಗ ನೆಲೋಗಿ ಕಡೀದು ಒಂದು ಲೈನ್ ಹುಡುಕಿ ಕೊಡ್ತೇನಿ ಬಿಡು," ಎಂದ.

ಮಾಸ್ತರರ ಫೋನಿಗೆ ಸಾಮಾನು ಬರುವವರೆಗೆ ಗುರುಶಾಂತ ದಿನವೂ ಬೆಳಿಗ್ಗೆ ಆಫೀಸಿಗೆ ಮೊದಲು ಅವರ ಪಡಸಾಲೆಯಲ್ಲಿ ಕೂತು ಪೇಪರ್ ಓದಿ ಹೇಳಿದ. ಮೊದಲ ದಿನ ಹಳೆಯ ಎರಡು ಪೇಪರುಗಳಿಂದಲೇ ಶುರು ಮಾಡಬೇಕೆಂದು ಮಾಸ್ತರು ಹಟ ಹಿಡಿದರು. ಅವನು ಅಲ್ಪಪ್ರಾಣ ಮಹಾಪ್ರಾಣ ತಪ್ಪಿದಲ್ಲೆಲ್ಲ ನಿಲ್ಲಿಸಿ ತಿದ್ದಿದರು. ಗುರಮ್ಮ ಒಲೆಯ ಹತ್ತಿರ ಕೂತು ಸಾವಿನ ಸುದ್ದಿಗಳನ್ನು ಮಾತ್ರ ಗಮನವಿಟ್ಟು ಕೇಳಿದಳು.

ಸಾಮಾನು ಬಂದ ಸಂಜೆ ಅವನು ರಿಪೇರಿಯಾದ ಫೋನನ್ನು ಕೈಯಲ್ಲಿ ಹಿಡಿದು ನಡೆದುಕೊಂಡೇ ಹೋದ. ಬೈಕಿನ ಮೇಲೆ ಒಯ್ಯಲು ಧೈರ್ಯ ಬರಲಿಲ್ಲ. ಮಾಸ್ತರು ಪೇಪರಿನ ಮೇಲೆ ಫೋನು ಹಿಡಿದರು. ಅಕ್ಷರಗಳು ದೊಡ್ಡದಾಗಿ, ಕಪ್ಪಗೆ, ಅಲುಗದೆ ನಿಂತವು. ಒಂದು ಸಾಲು ಓದಿದರು, ಇನ್ನೊಂದು ಓದಿದರು. ಆಮೇಲೆ ಕೇಳಿಸಿಕೊಳ್ಳುವವರಿದ್ದಾರೆಂಬುದನ್ನೇ ಮರೆತು ಅರ್ಧ ಪುಟ ಓದಿಬಿಟ್ಟರು.

ಅವರು ತಲೆ ಎತ್ತಿದಾಗ ಗುರುಶಾಂತ, ಇಷ್ಟು ದಿನ ಕೇಳದೆ ಉಳಿಸಿಕೊಂಡಿದ್ದ ಮಾತನ್ನು ಕೇಳಿದ.

"ಸರ, ಇದೇ ನಿಮ್ಮ ಕಣ್ಣು ಅಂತ ಅವತ್ತ ಯಾಕ ಹೇಳ್ಲಿಲ್ಲ?"

"ಹೇಳಿದ್ರ ನೀ ಒಯ್ತಿದ್ದೇನು?"

"ಇಲ್ರಿ ಸರ."

"ಮತ್ತ?" ಎಂದರು ಮಾಸ್ತರು, ಇದಕ್ಕಿಂತ ಸರಳ ಲೆಕ್ಕ ಸಾಲೆಯಲ್ಲೂ ಕೊಟ್ಟಿರಲಿಲ್ಲವೆಂಬಂತೆ. ಗುರುಶಾಂತ ಬಗ್ಗಿ ಅವರ ಪಾದ ಮುಟ್ಟಿದ. ಅವರು ಅವನ ತಲೆಯ ಮೇಲೆ ಒಂದು ಕೈ ಇಟ್ಟು, ಇನ್ನೊಂದು ಕೈಯಿಂದ ಪೇಪರಿನ ಪುಟ ಹೊರಳಿಸಿದರು.